ಹೊಕ್ಕುಳ ಕೆಳಗಿನ ಕಲೆ, ಕಿವಿಯ ಹಿಂದಿನ ತಿರುಪು

ಪ್ರಶ್ನೆ: ಡಾಕ್ಟರೇ, ನನಗೆ 27 ವರ್ಷ. ದಾವಣಗೆರೆಯ ಖಾಸಗಿ ಕಚೇರಿಯೊಂದರಲ್ಲಿ ಕೆಲಸ. ದಿನವೂ ಜೀನ್ಸ್, ಕುರ್ತಾ ತೊಟ್ಟು ಸ್ಕೂಟರಿನಲ್ಲಿ ಹೋಗಿಬರುತ್ತೇನೆ. ಕಳೆದ ಬೇಸಿಗೆಯಿಂದ ಹೊಕ್ಕುಳದ ಎರಡು ಬೆರಳು ಕೆಳಗೆ ಎಂಟಾಣೆಯಷ್ಟಗಲದ ಕಲೆ ಎದ್ದಿದೆ. ವಿಪರೀತ ತುರಿಕೆ. ಒಮ್ಮೊಮ್ಮೆ ನೀರು ಒಸರುತ್ತದೆ, ಆಮೇಲೆ ಒಣಗಿ ಹೊಟ್ಟು ಏಳುತ್ತದೆ. ಹುಳುಕಡ್ಡಿ ಇರಬೇಕೆಂದು ಅಣ್ಣ ಔಷಧ ಅಂಗಡಿಯಿಂದ ಒಂದು ಟ್ಯೂಬ್ ತಂದುಕೊಟ್ಟ. ಹಚ್ಚಿದ ಮೂರನೆಯ ದಿನಕ್ಕೆ ಮಾಯ, ಬಿಟ್ಟ ವಾರಕ್ಕೆ ಮತ್ತೆ ಹಾಜರು. ಹೀಗೆ ನಾಲ್ಕು ಟ್ಯೂಬ್ ಮುಗಿದವು. ಈಗ ವಾಚಿನ ಬಕಲ್ ತಾಗುವ ಕಡೆಯೂ ಶುರುವಾಗಿದೆ. ಮೊಣಕೈ ಮಡಿಕೆಯಲ್ಲಿ ಸಣ್ಣ ಗುಳ್ಳೆಗಳಿವೆ, ಅಲ್ಲಿ ಯಾವ ಲೋಹವೂ ತಾಗುವುದಿಲ್ಲ. ಹೈಸ್ಕೂಲಿನಲ್ಲಿದ್ದಾಗ ಜಾತ್ರೆಯಲ್ಲಿ ಕೊಂಡ ಓಲೆ ಹಾಕಿ ಕಿವಿ ಸೋರಿತ್ತು. ಈಗ ಚಿನ್ನದ ಓಲೆ ಹಾಕಿದರೂ ಕಿವಿಯ ಹಿಂದೆ ಕೆರೆತ. ಅಜ್ಜಿ ಇದು ನಂಜು ಎಂದು ಬದನೆಕಾಯಿ ಬಿಡಿಸಿದ್ದಾರೆ. ವೈಶಾಖದಲ್ಲಿ ನನ್ನ ಮದುವೆ. ತಾಳಿ, ಕಾಲುಂಗುರ ಹಾಕಿಕೊಳ್ಳುವುದು ಹೇಗೆ? ನನಗೆ ಚಿನ್ನವೇ ಆಗಿಬರುವುದಿಲ್ಲವೇ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದ ಮಾತು 'ಕಿವಿಯ ಹಿಂದೆ' ಎಂಬುದು. ಮುಂದೆ ಅಲ್ಲ, ಹಿಂದೆ. ಚಿನ್ನದ ಮೇಲಿನ ಅನುಮಾನ ಅರ್ಧ ಕಳೆದದ್ದು ಅಲ್ಲಿಯೇ. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ಹೊಟ್ಟೆಯ ಮೇಲಿನ ಕಲೆಯನ್ನು ನೋಡೋಣ.

ಚರ್ಮರೋಗದಲ್ಲಿ ಕಲೆಯ ಬಣ್ಣ, ಆಕಾರಗಳಿಗಿಂತ ಅದು ಕುಳಿತ ಜಾಗ ಹೆಚ್ಚು ಮಾತನಾಡುತ್ತದೆ. ಹೊಕ್ಕುಳದ ಎರಡು ಬೆರಳು ಕೆಳಗೆ, ನಟ್ಟನಡುವೆ, ಅಷ್ಟೇ ಅಗಲಕ್ಕೆ ಏಳುವ ತುರಿಕೆಯ ಕಲೆಯನ್ನು ನಾನು ಕಂಡಾಗ ಮಾಡುವ ಮೊದಲ ಕೆಲಸ, ಕುಳಿತವರನ್ನು ಎದ್ದು ನಿಲ್ಲಿಸಿ ಪ್ಯಾಂಟಿನ ಗುಂಡಿಯ ಒಳಮೈ ಎಲ್ಲಿ ತಾಗುತ್ತದೆ ಎಂದು ನೋಡುವುದು. ಹತ್ತರಲ್ಲಿ ಒಂಬತ್ತು ಸಲ ಗುಂಡಿಯೂ ಕಲೆಯೂ ಒಂದರ ಮೇಲೊಂದು ಕೂರುತ್ತವೆ. ಹುಳುಕಡ್ಡಿ ಹೀಗೆ ಒಂದೇ ಕಡೆ ಠಾಣೆ ಹೂಡುವುದಿಲ್ಲ. ಅದು ಶಿಲೀಂಧ್ರದ ಸೋಂಕು. ನಡುವೆ ವಾಸಿಯಾಗುತ್ತ ಅಂಚಿನಲ್ಲಿ ಹರಡುತ್ತ ಹೋಗುತ್ತದೆ, ತೊಡೆಯ ಸಂದಿಗೆ, ಸೊಂಟದ ಸುತ್ತಕ್ಕೆ ದಾರಿ ಮಾಡಿಕೊಳ್ಳುತ್ತದೆ, ಮನೆಯ ಇನ್ನೊಬ್ಬರಿಗೂ ಅಂಟುತ್ತದೆ. ನಿಮ್ಮದು ಎಷ್ಟೋ ತಿಂಗಳಿಂದ ಎಂಟಾಣೆಯಗಲವೇ ಇದೆ. ಇದರ ಜೊತೆಗೆ ವಾಚಿನ ಬಕಲ್, ಹಳೆಯ ಜಾತ್ರೆಯ ಓಲೆ. ಕಣ್ಣಾರೆ ನೋಡದೆ ಖಚಿತವಾಗಿ ಹೇಳುವುದು ನನ್ನ ಪದ್ಧತಿಯಲ್ಲ, ಆದರೂ ಇದು ನಿಕ್ಕಲ್ ಲೋಹದ ಅಲರ್ಜಿ ಎಂದು ಬರೆಯಲು ನನಗೆ ಹೆಚ್ಚು ಹಿಂಜರಿಕೆಯಿಲ್ಲ.

ಹಾಗಾದರೆ ಹುಳುಕಡ್ಡಿಯ ಟ್ಯೂಬಿಗೆ ಕಲೆ ಮೂರೇ ದಿನದಲ್ಲಿ ಮಾಯವಾದದ್ದು ಹೇಗೆ? ಆ ಬಗೆಯ ಟ್ಯೂಬುಗಳಲ್ಲಿ ಸಾಮಾನ್ಯವಾಗಿ ಮೂರು ಔಷಧಗಳನ್ನು ಬೆರೆಸಿರುತ್ತಾರೆ: ಶಿಲೀಂಧ್ರಕ್ಕೊಂದು, ಬ್ಯಾಕ್ಟೀರಿಯಾಕ್ಕೊಂದು, ಅವುಗಳ ಜೊತೆಗೆ ಒಂದು ಸ್ಟೀರಾಯ್ಡ್. ಅದೂ ಬಹಳ ಸಲ ಕ್ಲೊಬೆಟಸಾಲ್, ಅಂದರೆ ಹಚ್ಚುವ ಸ್ಟೀರಾಯ್ಡುಗಳಲ್ಲೇ ಅತಿ ಪ್ರಬಲವಾದದ್ದು. ಅಲರ್ಜಿಯ ಉರಿಯೂತವನ್ನು ಅದುಮಿದ್ದು ಈ ಮೂರನೆಯದು. ಗುಂಡಿ ಇದ್ದಲ್ಲೇ ಇದ್ದುದರಿಂದ ಟ್ಯೂಬ್ ಬಿಟ್ಟೊಡನೆ ಕಲೆ ಮರಳಿತು. ನಿಜಕ್ಕೂ ಹುಳುಕಡ್ಡಿಯೇ ಆಗಿದ್ದರೆ ಇನ್ನೂ ಕೆಡುತ್ತಿತ್ತು. ತುರಿಕೆ ಅಡಗುತ್ತದೆ, ಒಳಗೊಳಗೇ ಶಿಲೀಂಧ್ರ ಮೇಯುತ್ತ ಹೋಗುತ್ತದೆ, ಕೊನೆಗೆ ನೋಡಿದ ವೈದ್ಯರಿಗೂ ಗುರುತು ಸಿಗದಷ್ಟು ವೇಷ ಬದಲಿಸುತ್ತದೆ. ನಾಲ್ಕು ಟ್ಯೂಬ್ ಎಂದರೆ ಸಣ್ಣ ಲೆಕ್ಕವಲ್ಲ. ಆ ಜಾಗದ ಚರ್ಮ ತೆಳುವಾಗಿದೆಯೇ, ಕೆಂಪು ಗೆರೆಗಳು ಬಿದ್ದಿವೆಯೇ ನೋಡಿಕೊಳ್ಳಿ. ಹಾಗೆ ಬಿದ್ದ ಗೆರೆ ಬಣ್ಣದಲ್ಲಿ ಮಾಸುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ನಿಮ್ಮ ಅಣ್ಣನನ್ನು ಬೈಯಬೇಡಿ. ನಮ್ಮೂರಿನಲ್ಲಿ ನನ್ನ ಬಳಿ ಬರುವವರಲ್ಲಿ ಆ ಟ್ಯೂಬಿನ ದಾರಿ ತುಳಿಯದೆ ಬಂದವರು ಕಡಿಮೆ.

ಅನುಮಾನವೇ ಉಳಿಯಬಾರದೆಂದರೆ ಒಂದು ಸುಲಭ ಪರೀಕ್ಷೆಯಿದೆ. ಕಲೆಯ ಅಂಚಿನ ಹೊಟ್ಟನ್ನು ಮೆಲ್ಲಗೆ ಕೆರೆದು ಗಾಜಿನ ಮೇಲೆ ಹಾಕಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ಶಿಲೀಂಧ್ರದ ಎಳೆಗಳಿದ್ದರೆ ಕಾಣುತ್ತವೆ. ಅರ್ಧ ಗಂಟೆಯ ಕೆಲಸ. ಮದುವೆ ಹತ್ತಿರವಿರುವುದರಿಂದ ಇದನ್ನು ಮಾಡಿಸಿಬಿಡಿ.

ಇನ್ನು ನಿಕ್ಕಲ್. ಜೀನ್ಸಿನ ಗುಂಡಿ ನೋಡಲು ತಾಮ್ರದ ಬಣ್ಣಕ್ಕೋ ಹಿತ್ತಾಳೆಯ ಬಣ್ಣಕ್ಕೋ ಇರಬಹುದು, ಆದರೆ ಹೊಟ್ಟೆಗೆ ತಾಗುವ ಒಳಮೈಯನ್ನು ತಿರುಗಿಸಿ ನೋಡಿ, ಬಿಳಿ ಹೊಳಪಿನ ಬಿಲ್ಲೆಯೊಂದಿರುತ್ತದೆ. ಆ ಹೊಳಪು ಬಹಳ ಸಲ ನಿಕ್ಕಲ್ ಲೇಪನದ್ದು. ಅಗ್ಗ, ಗಟ್ಟಿ, ತುಕ್ಕು ಬೇಗ ಹಿಡಿಯುವುದಿಲ್ಲ, ಮೇಲಿನ ಬಣ್ಣ ಚೆನ್ನಾಗಿ ಕೂರುತ್ತದೆ. ತಯಾರಿಸುವವರಿಗೆ ಇದಕ್ಕಿಂತ ಬೇಕೇನು? ಒಣಗಿದ ಮೈಗೆ ಅದು ತಾಗಿದರೆ ಹೆಚ್ಚೇನೂ ಆಗುವುದಿಲ್ಲ. ಬೆವರು ಸೇರಿದಾಗ ಆಟ ಬದಲಾಗುತ್ತದೆ. ಬೆವರಿನಲ್ಲಿರುವ ಉಪ್ಪು ಲೋಹವನ್ನು ಅಣು ಅಣುವಾಗಿ ಕೊರೆದು ನಿಕ್ಕಲ್ಲನ್ನು ಕರಗಿದ ರೂಪದಲ್ಲಿ ಹೊರತರುತ್ತದೆ, ಅದು ಚರ್ಮದೊಳಕ್ಕೆ ಇಳಿಯುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಸ್ಕೂಟರಿನ ಮೇಲೆ ಮುಂದಕ್ಕೆ ಬಾಗಿ ಕುಳಿತವರ ಹೊಟ್ಟೆಯ ಮಡಿಕೆಗೂ ಗುಂಡಿಗೂ ನಡುವೆ ಎಷ್ಟು ಬೆವರು ನಿಲ್ಲುತ್ತದೆ ಎಂದು ದಾವಣಗೆರೆಯವರಿಗೆ ನಾನು ವಿವರಿಸಬೇಕಿಲ್ಲ. ನಿಮ್ಮ ಕಲೆ ಹುಟ್ಟಿದ್ದು ಬೇಸಿಗೆಯಲ್ಲಿ ಎಂಬುದಕ್ಕೆ ಕಾರಣ ಇದೇ. 'ಮೈ ಉಷ್ಣ', 'ರಕ್ತ ಕೆಟ್ಟಿದೆ' ಎಂಬ ಮಾತುಗಳು ಹುಟ್ಟಿಕೊಳ್ಳುವುದೂ ಬಹುಶಃ ಇಲ್ಲಿಂದಲೇ. ಸೆಕೆಯ ದಿನ ಹೆಚ್ಚಾಗುತ್ತದೆ ಎಂದು ಜನ ಗಮನಿಸಿದ್ದು ಸರಿ, ಕಾರಣ ಹುಡುಕಿದ ಜಾಗ ತಪ್ಪು. ರಕ್ತಕ್ಕೆ ಏನೂ ಆಗಿಲ್ಲ.

ಒಳಗೆ ಇಳಿದ ನಿಕ್ಕಲ್ ವಿಷವಲ್ಲ, ಸುಡುವುದೂ ಇಲ್ಲ. ನಿಮ್ಮ ದೇಹದ ಕಾವಲು ಕಣಗಳು ಅದನ್ನು ಶತ್ರುವೆಂದು ಒಮ್ಮೆ ಗುರುತಿಟ್ಟುಕೊಂಡಿವೆ, ಅದೇ ತೊಂದರೆ. ಆ ಗುರುತು ಬಿದ್ದದ್ದು ಹೆಚ್ಚೂಕಡಿಮೆ ಹೈಸ್ಕೂಲಿನ ಆ ಜಾತ್ರೆಯ ಓಲೆಯಿಂದಲೇ. ಕಿವಿಯ ತೂತು ಲೋಹಕ್ಕೆ ತೆರೆದ ಬಾಗಿಲು. ಚರ್ಮದ ಮೇಲ್ಪದರದ ತಡೆ ಅಲ್ಲಿರುವುದಿಲ್ಲ. ನಿಕ್ಕಲ್ ಅಲರ್ಜಿ ಹೆಂಗಸರಲ್ಲಿ ಹೆಚ್ಚು ಕಾಣುವುದಕ್ಕೆ ಮುಖ್ಯ ಕಾರಣ ಇದೇ ಹೊರತು ಹೆಂಗಸರ ಚರ್ಮ ನಾಜೂಕು ಎಂಬುದಲ್ಲ. ಒಮ್ಮೆ ಬಿದ್ದ ಗುರುತನ್ನು ದೇಹ ಸಾಮಾನ್ಯವಾಗಿ ಜೀವನವಿಡೀ ಮರೆಯುವುದಿಲ್ಲ. ನಡುವೆ ಹತ್ತು ವರ್ಷ ಸುಮ್ಮನಿದ್ದು ಗುಂಡಿಯ ನೆಪದಲ್ಲಿ ಏಳಬಹುದು. 'ಇಷ್ಟು ವರ್ಷ ಇದೇ ಬೆಲ್ಟ್ ಹಾಕಿದ್ದೇನೆ, ಏನೂ ಆಗಿರಲಿಲ್ಲ' ಎಂದು ವಾದಿಸುವವರಿಗೆ ನಾನು ಹೇಳುವುದೂ ಇದನ್ನೇ. ಬೆಲ್ಟಿನ ಮೇಲಿನ ಪದರ ಸವೆಯಲು ಸಮಯ ಬೇಕು, ದೇಹ ಗುರುತು ಹಿಡಿಯಲೂ ಸಮಯ ಬೇಕು.

ಗುರುತು ಹಿಡಿದ ಮೇಲೂ ಈ ಅಲರ್ಜಿ ನಿಧಾನದ್ದು. ಲೋಹ ತಾಗಿದ ಗಂಟೆಯಲ್ಲಿ ಅಲ್ಲ, ಒಂದರಿಂದ ಮೂರು ದಿನ ಕಳೆದ ಮೇಲೆ ಕೆರೆತ ಏಳುತ್ತದೆ. ಭಾನುವಾರದ ನಿಶ್ಚಿತಾರ್ಥಕ್ಕೆ ಹಾಕಿದ ಸರ ಮಂಗಳವಾರ ಕುತ್ತಿಗೆ ಕೆರೆಸಿದರೆ ಯಾರಿಗೂ ಸರದ ನೆನಪಾಗುವುದಿಲ್ಲ. ಸೋಮವಾರ ತಿಂದ ಬದನೆಕಾಯಿ ಪಲ್ಯದ ನೆನಪಾಗುತ್ತದೆ.

ಬದನೆಕಾಯಿಯ ಮಾತು ಬಂದದ್ದರಿಂದ ಅದನ್ನು ಇಲ್ಲೇ ಮುಗಿಸುತ್ತೇನೆ. ಗುಂಡಿಯ ಕಲೆಗೂ ಬದನೆಕಾಯಿಗೂ ಸಂಬಂಧವಿಲ್ಲ, ಎಣಗಾಯಿ ಧಾರಾಳವಾಗಿ ತಿನ್ನಿ. ಆಹಾರದಲ್ಲಿ ನಿಕ್ಕಲ್ ಇರುವುದು ಸುಳ್ಳಲ್ಲ. ಬೇಳೆಕಾಳು, ಕಡಲೆಬೀಜ, ಗೋಡಂಬಿ, ಓಟ್ಸ್, ಚಾಕೊಲೇಟುಗಳಲ್ಲಿ ಸ್ವಲ್ಪ ಹೆಚ್ಚಿರುತ್ತದೆ. ಆದರೆ ತಿಂದ ನಿಕ್ಕಲ್ಲಿನಿಂದ ಚರ್ಮ ಕೆರಳುವವರು ಈ ಅಲರ್ಜಿ ಇರುವವರಲ್ಲಿ ಸಣ್ಣ ಪಾಲು. ತಾಗುವ ಲೋಹವನ್ನೆಲ್ಲ ತೆಗೆದು ತಿಂಗಳುಗಟ್ಟಲೆ ಕಾದರೂ ಅಂಗೈಯಲ್ಲಿ ನೀರುಗುಳ್ಳೆ ನಿಲ್ಲದವರಿಗೆ ಮಾತ್ರ ನಾನು ಪಥ್ಯದ ಮಾತೆತ್ತುತ್ತೇನೆ. ಮದುವೆಯ ಮುಂಚೆ ಬೇಳೆ ಬಿಟ್ಟು ಸೊರಗುವುದು ಬೇಡ. ಸ್ಟೀಲ್ ಪಾತ್ರೆಯ ಬಗ್ಗೆ ಕೇಳುವವರೂ ಇದ್ದಾರೆ: ಹೊಸ ಪಾತ್ರೆಯಲ್ಲಿ ಹುಣಸೆಹುಳಿ ಬಹಳ ಹೊತ್ತು ಕುದಿಸಿದರೆ ಸ್ವಲ್ಪ ನಿಕ್ಕಲ್ ಬಿಡುತ್ತದೆ, ಕೆಲವು ಸಲ ಅಡುಗೆಯಾದ ಮೇಲೆ ಅದು ಬಹಳ ಕಡಿಮೆಯಾಗುತ್ತದೆ. ನಿಮ್ಮ ಸಾರಿನ ಪಾತ್ರೆ ನಿರಪರಾಧಿ.

ಮೊಣಕೈ ಮಡಿಕೆಯ ಗುಳ್ಳೆಗಳ ಪ್ರಶ್ನೆ ಒಳ್ಳೆಯದು. ಒಂದು ಕಡೆ ಅಲರ್ಜಿ ಬಹಳ ದಿನ ಹೊತ್ತಿ ಉರಿದಾಗ ಕೆರಳಿದ ಕಾವಲು ಕಣಗಳು ರಕ್ತದಲ್ಲಿ ಸುತ್ತುತ್ತ, ಲೋಹ ತಾಗದ ಜಾಗದಲ್ಲೂ ಗುಳ್ಳೆ ಎಬ್ಬಿಸುತ್ತವೆ. ಮೊಣಕೈ ಮಡಿಕೆ, ಕಣ್ಣಿನ ರೆಪ್ಪೆ, ತೋಳು ಅವುಗಳ ಮೆಚ್ಚಿನ ತಾಣ. ಶಾಲೆಗೆ ಹೋಗುವ ಮಕ್ಕಳಲ್ಲಿ ಇದನ್ನು ಕಜ್ಜಿ ಎಂದು ತಪ್ಪು ತಿಳಿದು ಮನೆಮಂದಿಗೆಲ್ಲ ಕಜ್ಜಿಯ ಔಷಧ ಹಚ್ಚಿಸಿದ ಉದಾಹರಣೆಗಳನ್ನು ಕಂಡಿದ್ದೇನೆ. ಕಡೆಗೆ ಸಿಕ್ಕಿಬಿದ್ದದ್ದು ಚಡ್ಡಿಯ ಗುಂಡಿ. ಮೂಲದ ಕಲೆ ಆರಿದರೆ ಇವು ತಾವಾಗಿ ಅಡಗುತ್ತವೆ.

ಈಗ ಕಿವಿಯ ಹಿಂಬದಿಗೆ ಬರೋಣ. ಕೆಲವು ವರ್ಷಗಳ ಹಿಂದೆ ಚಳ್ಳಕೆರೆ ಕಡೆಯಿಂದ ಒಬ್ಬ ಶಿಕ್ಷಕಿ ಬಂದಿದ್ದರು. ಅವರದೂ ನಿಮ್ಮದೇ ದೂರು: ಅಜ್ಜಿಯ ಕಾಲದ ಚಿನ್ನದ ಬೆಂಡೋಲೆ, ಹಾಕಿದರೆ ಕಿವಿ ಸೋರುತ್ತದೆ, ಚಿನ್ನವೇ ಆಗುವುದಿಲ್ಲ ಎಂದು ಮನೆಯವರೆಲ್ಲ ತೀರ್ಮಾನಿಸಿಬಿಟ್ಟಿದ್ದಾರೆ. ಭೂತಕನ್ನಡಿ ಹಿಡಿದು ನೋಡಿದೆ. ಓಲೆ ಕೂರುವ ಮುಂಭಾಗದ ಚರ್ಮ ನುಣ್ಣಗಿತ್ತು. ಹಿಂಭಾಗದಲ್ಲಿ ತಿರುಪು ಒತ್ತುವಷ್ಟಗಲಕ್ಕೆ ಕೆಂಪಾಗಿ, ಹಳದಿ ನೀರು ಒಣಗಿ ಹಕ್ಕಳೆ ಕಟ್ಟಿತ್ತು. ಒಂದೇ ಓಲೆ, ಮುಂದೆ ಒಂದು ಬಗೆ, ಹಿಂದೆ ಇನ್ನೊಂದು ಬಗೆ. ತಿರುಪು ಯಾವುದು ಎಂದು ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದರು: ಎರಡು ವರ್ಷದ ಹಿಂದೆ ಊರ ಹಬ್ಬದಲ್ಲಿ ಒಂದು ತಿರುಪು ಬಿದ್ದುಹೋಯಿತು, ಬಳೆ ಅಂಗಡಿಯಲ್ಲಿ ಗಿಲೀಟಿನ ತಿರುಪು ಒಂದು ಜೊತೆ ತಂದೆ, ಜೋಡಿಯಾಗಿರಲಿ ಎಂದು ಎರಡೂ ಕಿವಿಗೆ ಅದನ್ನೇ ಹಾಕಿದೆ, ಯಾರಿಗೆ ಕಾಣುತ್ತದೆ?

ಕಾಣದಿದ್ದರೂ ಪತ್ತೆ ಮಾಡುವ ಉಪಾಯವಿದೆ. ಬಿ.ಎಸ್ಸಿ. ರಸಾಯನಶಾಸ್ತ್ರ ಓದಿದವರು ಪ್ರಯೋಗಾಲಯದಲ್ಲಿ ಡೈಮೀಥೈಲ್‌ಗ್ಲೈಆಕ್ಸೈಮ್ ಎಂಬ ನಾಲಿಗೆ ತೊಡರುವ ಹೆಸರನ್ನು ಕೇಳಿರುತ್ತಾರೆ. ನಿಕ್ಕಲ್ ಇದ್ದರೆ ಗುಲಾಬಿಗೆಂಪು ಬಣ್ಣ ಕೊಡುವ ವಸ್ತು ಅದು. ಚರ್ಮವೈದ್ಯರು ಅದನ್ನೇ ಆಭರಣಕ್ಕೆ ಬಳಸುತ್ತಾರೆ. ಮದ್ಯಸಾರದಲ್ಲಿ ಕರಗಿಸಿದ ಶೇ 1ರ ದ್ರಾವಣ ಒಂದು ಹನಿ, ಶೇ 10ರ ಅಮೋನಿಯಾ ಒಂದು ಹನಿ, ಎರಡನ್ನೂ ಕಿವಿ ಒರೆಸುವ ಹತ್ತಿಕಡ್ಡಿಯ ತುದಿಗೆ ಬಿಟ್ಟು ಲೋಹವನ್ನು ಅರ್ಧ ನಿಮಿಷ ಉಜ್ಜುವುದು. ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಆ ಲೋಹ ನಿಕ್ಕಲ್ ಬಿಡುತ್ತಿದೆ ಎಂದರ್ಥ. ಶಿಕ್ಷಕಿಯ ಬೆಂಡೋಲೆಯ ಮುಂಭಾಗ ಉಜ್ಜಿದ ಹತ್ತಿ ಬೆಳ್ಳಗೇ ಇತ್ತು. ತಿರುಪು ಉಜ್ಜಿದ ಹತ್ತಿ ದಾಸವಾಳದ ಎಸಳಿನಂತಾಯಿತು. ಅವರು ಮರುಮಾತಾಡಲಿಲ್ಲ, ಅಲ್ಲಿಂದ ನೇರ ಅಕ್ಕಸಾಲಿಗರ ಬಳಿ ಹೋಗಿ ಚಿನ್ನದ ತಿರುಪು ಮಾಡಿಸಿದರು. ಒಂದು ತಿಂಗಳ ಮೇಲೆ ಬಂದಾಗ ಅದೇ ಬೆಂಡೋಲೆ ಕಿವಿಯಲ್ಲಿತ್ತು, ಹಿಂಭಾಗ ಒಣಗಿತ್ತು, ಒಂದಿಷ್ಟು ಕಪ್ಪು ಮಾತ್ರ ಉಳಿದಿತ್ತು.

ಈ ಪರೀಕ್ಷೆಯ ಪುಟ್ಟ ಕಿಟ್ ಆನ್‌ಲೈನಿನಲ್ಲಿ ಸಿಗುತ್ತದೆ, ಕೆಲವು ಚರ್ಮವೈದ್ಯರ ಬಳಿಯೂ ಇರುತ್ತದೆ. ನೀವೇ ಮಾಡುವುದಾದರೆ ಕಿಟಕಿ ತೆರೆದಿಡಿ, ಅಮೋನಿಯಾದ ಘಾಟು ಕಣ್ಣಿಗೆ ಒಳ್ಳೆಯದಲ್ಲ. ಲೋಹ ಮೈಮೇಲಿರುವಾಗ ಉಜ್ಜಬೇಡಿ, ಉಜ್ಜಿದ ಮೇಲೆ ಸೋಪು ನೀರಿನಲ್ಲಿ ತೊಳೆದಿಡಿ. ಎರಡು ಮೋಸಗಳ ಬಗ್ಗೆ ಎಚ್ಚರ ಬೇಕು. ಹಿತ್ತಾಳೆ, ತಾಮ್ರದ ಮೇಲೆ ಅಮೋನಿಯಾ ನೀಲಿ ಬಣ್ಣ ಕೊಡುತ್ತದೆ, ಅದು ನಿಕ್ಕಲ್ ಅಲ್ಲ. ತುಕ್ಕು ಹಿಡಿದ ಕಬ್ಬಿಣ ಕಂದುಗೆಂಪು ಕೊಡಬಹುದು, ಅದೂ ಲೆಕ್ಕಕ್ಕಿಲ್ಲ. ಎರಡನೆಯದು ಇದಕ್ಕಿಂತ ದೊಡ್ಡದು: ಹತ್ತಿ ಬೆಳ್ಳಗಿದ್ದ ಮಾತ್ರಕ್ಕೆ ಲೋಹ ಶುದ್ಧ ಎಂದಲ್ಲ. ಹೊಸ ಆಭರಣದ ಮೇಲಿನ ಚಿನ್ನದ ಲೇಪ ಇನ್ನೂ ಸವೆದಿರದಿದ್ದರೆ ಇಂದು ಬೆಳ್ಳಗೆ ತೋರಿಸಿ ಆರು ತಿಂಗಳ ಮೇಲೆ ಗುಲಾಬಿಯಾದೀತು. ಗುಲಾಬಿ ಬಂದರೆ ನಂಬಿ, ಬಾರದಿದ್ದರೆ ಅರ್ಧ ನಂಬಿ. ನಿಮ್ಮ ಓಲೆಯ ತಿರುಪು, ಜೀನ್ಸಿನ ಗುಂಡಿ, ವಾಚಿನ ಬಕಲ್, ಈ ಮೂರನ್ನು ಮೊದಲು ಉಜ್ಜಿ ನೋಡಿ. ಚಿನ್ನಕ್ಕೇ ಅಲರ್ಜಿ ಇರುವವರು ಇಲ್ಲವೆಂದಲ್ಲ, ಆದರೆ ಈ ಮೂರು ಇರುವಾಗ ಚಿನ್ನವನ್ನು ಕಟಕಟೆಗೆ ಕರೆಯುವ ಅಗತ್ಯವಿಲ್ಲ.

ಮದುವೆಯ ಒಡವೆಗೆ ಬರುವ ಮುನ್ನ ಒಂದು ಮಾತು ಮನಸ್ಸಿನಲ್ಲಿರಲಿ: ಲೋಹದೊಳಗೆ ನಿಕ್ಕಲ್ ಎಷ್ಟಿದೆ ಎಂಬುದಕ್ಕಿಂತ ಎಷ್ಟು ಹೊರಗೆ ಬರುತ್ತದೆ ಎಂಬುದು ಮುಖ್ಯ. ಯುರೋಪಿನ ಕಾನೂನು ಕೂಡ ಇದೇ ತರ್ಕದ ಮೇಲೆ ನಿಂತಿದೆ. 1994ರಲ್ಲಿ ಅಲ್ಲಿ ಬಂದ ನಿಯಮದ ಪ್ರಕಾರ ಮೈಗೆ ಸದಾ ತಾಗುವ ವಸ್ತು ಒಂದು ಚದರ ಸೆಂಟಿಮೀಟರಿಗೆ ವಾರಕ್ಕೆ 0.5 ಮೈಕ್ರೋಗ್ರಾಂಗಿಂತ ಹೆಚ್ಚು ನಿಕ್ಕಲ್ ಬಿಡುವಂತಿಲ್ಲ. ಕಿವಿ, ಮೂಗಿನ ತೂತಿಗೆ ಹಾಕುವ ಕಡ್ಡಿಗೆ ಈಗಿನ ಮಿತಿ ಇನ್ನೂ ಬಿಗಿ, 0.2. ಅದಕ್ಕೂ ಮುಂಚೆ ಇಂಥದೇ ನಿಯಮ ತಂದ ಡೆನ್ಮಾರ್ಕಿನಲ್ಲಿ, ಆಮೇಲೆ ಕಿವಿ ಚುಚ್ಚಿಸಿಕೊಂಡ ಹುಡುಗಿಯರಲ್ಲಿ ಈ ಅಲರ್ಜಿ ಕಡಿಮೆಯಾಯಿತು. ಸ್ಟೇನ್‌ಲೆಸ್ ಸ್ಟೀಲಿನ ಗುಟ್ಟು ಕೂಡ ಇದೇ. ಸಾಮಾನ್ಯ ದರ್ಜೆಯ ಸ್ಟೀಲಿನಲ್ಲಿ ನೂರಕ್ಕೆ ಎಂಟು ಪಾಲಿನಷ್ಟು ನಿಕ್ಕಲ್ ಇರುತ್ತದೆ, ಆದರೂ ಮೇಲಿನ ಕ್ರೋಮಿಯಂ ಪದರ ಅದನ್ನು ಹೊರಗೆ ಬಿಡುವುದಿಲ್ಲ. ಆದ್ದರಿಂದ ಒಳ್ಳೆಯ ಸ್ಟೀಲಿನ ವಾಚು ಹೆಚ್ಚಿನವರಿಗೆ ಆಗಿಬರುತ್ತದೆ, ಅಗ್ಗದ ಲೇಪನದ ಬಕಲ್ ಆಗಿಬರುವುದಿಲ್ಲ.

ನಿಮ್ಮ ವಾಚಿನಲ್ಲಿ ಬಕಲ್ ಇರುವಲ್ಲಿ ಮಾತ್ರ ಕೆರೆತ ಎಂದಿದ್ದೀರಿ, ಆದ್ದರಿಂದ ಬಕಲ್ ಬದಲಿಸಿದರೆ ಸಾಕು. ಪಟ್ಟಿಯ ಉದ್ದಕ್ಕೂ ಕೆಂಪಾಗಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು. ಆಗ ಚರ್ಮದ ಪಟ್ಟಿ ಹದ ಮಾಡಲು ಬಳಸಿದ ಕ್ರೋಮಿಯಂ, ರಬ್ಬರಿನ ರಾಸಾಯನಿಕ, ಅಥವಾ ಪಟ್ಟಿಯ ಅಡಿಯಲ್ಲಿ ನಿಂತ ಬೆವರು ಸೋಪುಗಳನ್ನು ಅನುಮಾನಿಸಬೇಕಾಗುತ್ತದೆ.

ತಾಳಿಯ ವಿಷಯ. 22 ಕ್ಯಾರೆಟ್ ಚಿನ್ನದಲ್ಲಿ ನೂರಕ್ಕೆ 91.6 ಪಾಲು ಚಿನ್ನ, ಉಳಿದದ್ದು ನಮ್ಮಲ್ಲಿ ಸಾಮಾನ್ಯವಾಗಿ ತಾಮ್ರ ಮತ್ತು ಬೆಳ್ಳಿ. ಆಗಿಬರದಿರುವ ಸಂಭವ ಬಹಳ ಕಡಿಮೆ. ಹಾಲ್‌ಮಾರ್ಕ್ ಚಿನ್ನದ ಪಾಲನ್ನು ಹೇಳುತ್ತದೆ, ಉಳಿದ ಪಾಲು ಯಾವುದೆಂದು ಹೇಳುವುದಿಲ್ಲ. ಅದನ್ನು ಮಾಡಿಸುವಾಗಲೇ ಬಾಯಿಬಿಟ್ಟು ಕೇಳಬೇಕು. ಕರಿಮಣಿ ಗಾಜಿನದಾದರೆ ಚಿಂತೆಯಿಲ್ಲ, ಗಾಜಿನ ಬಳೆಯೂ ಹಾಗೆಯೇ. ತೊಂದರೆ ಬರುವುದು ಚಿನ್ನದ ತಾಳಿಯನ್ನು ದಿನಬಳಕೆಗೆಂದು ಗಿಲೀಟಿನ ಸರಕ್ಕೆ ಪೋಣಿಸಿದಾಗ. ಕುತ್ತಿಗೆಯ ಹಿಂದೆ, ಕೊಂಡಿ ಕೂರುವ ಜಾಗದಲ್ಲಿ, ಕೂದಲ ಕೆಳಗಿನ ಬೆವರಿನಲ್ಲಿ ಅದು ಶುರುವಾಗುತ್ತದೆ. ಸರಕ್ಕೆ ಚಿನ್ನ ಸಾಲದಿದ್ದರೆ ಅರಿಶಿನ ದಾರವೇ ಮೇಲು. ಒಂದು ಗ್ರಾಂ ಚಿನ್ನದ ಒಡವೆ ಎಂದು ಮಾರುವುದರಲ್ಲಿ ಮೇಲೆ ಚಿನ್ನದ ತೆಳು ಲೇಪ, ಅಡಿಯಲ್ಲಿ ತಾಮ್ರ ಅಥವಾ ಹಿತ್ತಾಳೆ, ನಡುವೆ ಹೊಳಪಿಗಾಗಿ ನಿಕ್ಕಲ್ ಪದರ ಇರಬಹುದು. ಮುಹೂರ್ತದ ಎರಡು ಗಂಟೆ ಸೀರೆಯ ಮೇಲೆ ಡಾಬು ಕಟ್ಟಿಕೊಂಡರೆ ಏನೂ ಆಗದು. ಅದೇ ಬಗೆಯ ಸರವನ್ನು ಬರಿಗೊರಳಿಗೆ ಬೆಳಗಿನಿಂದ ರಾತ್ರಿಯವರೆಗೆ ವೈಶಾಖದ ಬಿಸಿಲಿನಲ್ಲಿ ಹಾಕಿದರೆ ಮೂರನೆಯ ದಿನ ಗೊತ್ತಾಗುತ್ತದೆ.

ಕಾಲುಂಗುರದಲ್ಲಿ ಹೆಸರು ನೋಡಿ ಮೋಸ ಹೋಗಬೇಡಿ. ಜರ್ಮನ್ ಸಿಲ್ವರ್ ಎಂಬುದರಲ್ಲಿ ಬೆಳ್ಳಿಯ ಒಂದು ಕಣವೂ ಇರುವುದಿಲ್ಲ. ಅದು ತಾಮ್ರ, ಸತು ಮತ್ತು ನಿಕ್ಕಲ್ ಸೇರಿದ ಮಿಶ್ರಲೋಹ. ಬೆಳ್ಳಗೆ ಕಾಣುವುದೇ ನಿಕ್ಕಲ್ಲಿನಿಂದ. ಆಕ್ಸಿಡೈಸ್ಡ್ ಎಂದು ಮಾರುವ ಕಪ್ಪು ಛಾಯೆಯ ಓಲೆ, ಗೆಜ್ಜೆಗಳಲ್ಲೂ ಹಲವು ಇದೇ ಲೋಹದವು. ದೇವರ ಮನೆಯ ತಟ್ಟೆ ಅದರದ್ದಾದರೆ ತೊಂದರೆಯಿಲ್ಲ, ಕಾಲ್ಬೆರಳಿಗೆ ಬೇಡ. ಹಾಲ್‌ಮಾರ್ಕ್ ಇರುವ ಬೆಳ್ಳಿಯದೇ ಕೊಳ್ಳಿ. ವಜ್ರದ ಮೂಗುಬೊಟ್ಟು ಕೊಡಿಸುವ ಯೋಚನೆ ಮನೆಯಲ್ಲಿದ್ದರೆ ಬಿಳಿ ಚಿನ್ನದ್ದು ಬೇಡ ಎನ್ನಿ. ಚಿನ್ನಕ್ಕೆ ಬಿಳುಪು ತರಲು ಕೆಲವರು ನಿಕ್ಕಲ್ ಬೆರೆಸುತ್ತಾರೆ, ಮೇಲಿನ ರೋಡಿಯಂ ಲೇಪ ಕೆಲವು ವರ್ಷಗಳಲ್ಲಿ ಸವೆಯುತ್ತದೆ. ಹಳದಿ ಚಿನ್ನ ಅಥವಾ ಪ್ಲಾಟಿನಂ ಸರಿ. ಮನೆಯಲ್ಲಿ ತಂಗಿಯೋ ಅಕ್ಕನ ಮಗಳೋ ಇದ್ದರೆ, ಕಿವಿ ಚುಚ್ಚಿದ ಮೊದಲ ವರ್ಷ ಚಿನ್ನದ ಕಡ್ಡಿ ಬಿಟ್ಟು ಬೇರೇನೂ ಹಾಕಿಸಬೇಡಿ.

ಚಿಕಿತ್ಸೆ ಚಿಕ್ಕದು. ಹಳೆಯ ಟ್ಯೂಬನ್ನು ಇಂದೇ ಕಸದ ಬುಟ್ಟಿಗೆ ಹಾಕಿ. ಬಿಟ್ಟ ಮೊದಲ ವಾರ ಕಲೆ ಜೋರಾಗಿ ಕೆರಳಬಹುದು, ಅದಕ್ಕೆ ಹೆದರಿ ಮತ್ತೆ ಹಚ್ಚಬೇಡಿ. ಸೂಕ್ಷ್ಮದರ್ಶಕದ ಪರೀಕ್ಷೆಯಲ್ಲಿ ಶಿಲೀಂಧ್ರ ಇಲ್ಲವೆಂದಾದರೆ, ಮಧ್ಯಮ ಬಲದ ಸ್ಟೀರಾಯ್ಡ್ ಮುಲಾಮನ್ನು ವೈದ್ಯರು ಒಂದೆರಡು ವಾರಕ್ಕೆ ಬರೆದುಕೊಡುತ್ತಾರೆ. ಬೈದ ಸ್ಟೀರಾಯ್ಡನ್ನೇ ಮತ್ತೆ ಏಕೆ ಎನ್ನಬೇಡಿ. ಗುಂಡಿ ತೆಗೆದು, ಬಲ ನೋಡಿ, ದಿನ ಎಣಿಸಿ ಹಚ್ಚುವುದೇ ಬೇರೆ. ಕಿವಿಯ ಹಿಂಭಾಗದ ಚರ್ಮ ತೆಳು, ಅಲ್ಲಿಗೆ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್ ಮುಲಾಮು ನನಗೆ ಹೆಚ್ಚು ಇಷ್ಟ. ಮೊದಲ ಕೆಲವು ದಿನ ಉರಿಯುತ್ತದೆ, ಆಮೇಲೆ ಸರಿಹೋಗುತ್ತದೆ. ನೀರು ಒಸರುವಾಗ ತಣ್ಣನೆಯ ಶುದ್ಧ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಹತ್ತು ನಿಮಿಷ ಇಡುವುದು ಸಾಕು. ನಿಂಬೆರಸ, ಬೆಳ್ಳುಳ್ಳಿ, ಬೇವಿನ ಲೇಪ ಬೇಡ. ಕಿತ್ತುಹೋದ ಚರ್ಮಕ್ಕೆ ಇವು ಹೊಸ ಗಾಯ ಮಾಡುತ್ತವೆ. ಹಳದಿ ಕೀವು, ನೋವು, ಜ್ವರ ಕಂಡರೆ ಸೋಂಕು ಸೇರಿದೆ ಎಂದರ್ಥ, ಆ ದಿನವೇ ವೈದ್ಯರನ್ನು ನೋಡಿ. ತುರಿಕೆ ಹೋದ ಮೇಲೆ ಉಳಿಯುವ ಕಪ್ಪು ನಮ್ಮ ಮೈಬಣ್ಣದಲ್ಲಿ ಹಲವು ತಿಂಗಳು ಇರುತ್ತದೆ. ಅದು ರೋಗವಲ್ಲ, ಉಜ್ಜಿ ತೆಗೆಯಲು ಹೋಗಬೇಡಿ.

ಪ್ಯಾಚ್ ಪರೀಕ್ಷೆ ಮಾಡಿಸಬೇಕೇ? ಗುಂಡಿ ತೆಗೆದು ಕಲೆ ಆರಿಬಿಟ್ಟರೆ ಅನೇಕರಿಗೆ ಅದರ ಅಗತ್ಯವಿಲ್ಲ. ಜೀವನವಿಡೀ ಹಾಕುವ ಒಡವೆ ಕೊಳ್ಳಲು ಹೊರಟಿರುವ ನಿಮಗೆ ಮಾಡಿಸಿ ಎನ್ನುತ್ತೇನೆ. ನಿಕ್ಕಲ್ ಸಲ್ಫೇಟನ್ನು ಶೇ 5ರಷ್ಟು ವ್ಯಾಸಲೀನಿನಲ್ಲಿ ಬೆರೆಸಿ, ಇನ್ನಿತರ ಹತ್ತಾರು ವಸ್ತುಗಳ ಜೊತೆ ಬೆನ್ನಿನ ಮೇಲೆ ಪುಟ್ಟ ಬಿಲ್ಲೆಗಳಲ್ಲಿ ಅಂಟಿಸುತ್ತಾರೆ. ಎರಡು ದಿನ ಬೆನ್ನಿಗೆ ನೀರು ಸೋಕಬಾರದು, ಬೆವರಬಾರದು. ಎರಡನೆಯ ದಿನ ತೆಗೆದು ನೋಡಿ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಆ ಎರಡನೆಯ ಓದು ತಪ್ಪಿಸಬೇಡಿ. ತಡವಾಗಿ ಏಳುವ ಅಲರ್ಜಿ ಸಿಕ್ಕುವುದು ಆಗಲೇ. ನಮ್ಮ ಬೇಸಿಗೆಯಲ್ಲಿ ಅಂಟು ಒಂದೇ ದಿನದಲ್ಲಿ ಕಳಚುತ್ತದೆ, ಆದ್ದರಿಂದ ಸಂಕ್ರಾಂತಿಯ ಆಸುಪಾಸಿನಲ್ಲೇ ಮುಗಿಸಿ. ಬೆನ್ನಿಗೆ ಸ್ಟೀರಾಯ್ಡ್ ಹಚ್ಚಿದ್ದರೆ, ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ, ಫಲಿತಾಂಶ ಸುಳ್ಳಾಗುತ್ತದೆ. ರಕ್ತ ತೆಗೆದು ನೂರು ವಸ್ತುಗಳ ಅಲರ್ಜಿ ಹೇಳುತ್ತೇವೆ ಎಂಬ ದುಬಾರಿ ಪರೀಕ್ಷೆಗಳು ಬೇರೆ ಬಗೆಯ ಅಲರ್ಜಿಯವು. ಅದಕ್ಕೆ ಇಡುವ ಹಣವನ್ನು ತಿರುಪಿಗೆ ಇಡಿ.

ಇನ್ನು ಗುಂಡಿ. ಬಣ್ಣವಿಲ್ಲದ ನೈಲ್ ಪಾಲಿಷ್ ಹಚ್ಚಿ ಎಂದು ಎಲ್ಲರೂ ಹೇಳುತ್ತಾರೆ. ಕೆಲಸ ಮಾಡುತ್ತದೆ, ಆದರೆ ನಾಲ್ಕು ಸಲ ಒಗೆಯುವುದರೊಳಗೆ ಬಿರುಕು ಬಿಟ್ಟು, ಬಿರುಕಿನಲ್ಲೇ ಬೆವರು ಹೋಗಿ ಕೂರುತ್ತದೆ. ಒಳಗೆ ಬನಿಯನ್ ಸಿಕ್ಕಿಸಿಕೊಂಡರೂ ತೆಳುಬಟ್ಟೆ ಒದ್ದೆಯಾದಾಗ ನಿಕ್ಕಲ್ ದಾಟಿ ಬರುತ್ತದೆ. ನನ್ನ ಸಲಹೆ ದರ್ಜಿಯ ಬಳಿಗೆ ಹೋಗುವುದು. ಇರುವ ಗುಂಡಿಯನ್ನು ಕತ್ತರಿಸಿ ತೆಗೆಸಿ, ತೂತಿನ ಹಿಂದೆ ಒಂದು ತುಂಡು ಬಟ್ಟೆ ಹೊಲಿಸಿ, ದಪ್ಪನೆಯ ಪ್ಲಾಸ್ಟಿಕ್ ಗುಂಡಿ ಹಾಕಿಸಿ. ಹತ್ತು ನಿಮಿಷದ ಕೆಲಸ, ಹೊಸ ಜೀನ್ಸಿಗೂ ತೊಡುವ ಮುಂಚೆಯೇ ಮಾಡಿಸಬಹುದು. ಜೇಬಿನ ಮೂಲೆಯ ತಾಮ್ರಬಣ್ಣದ ಮೊಳೆಗಳು ಒಳಗಡೆ ಮೈಗೆ ತಾಗುತ್ತಿದ್ದರೆ ಅವಕ್ಕೂ ಒಳಗಿಂದ ಬಟ್ಟೆ ಹೊಲಿಸಿ.

ಎಲ್ಲ ಜೀನ್ಸಿನ ಗುಂಡಿ, ವಾಚಿನ ಬಕಲ್, ಕಿವಿಯ ತಿರುಪು ಒಂದೇ ವಾರದಲ್ಲಿ ಬದಲಾಗಲಿ. ಒಂದು ಉಳಿದರೂ ಲೆಕ್ಕ ತಪ್ಪುತ್ತದೆ. ಮೂರು ನಾಲ್ಕು ವಾರದಲ್ಲಿ ಹೊಕ್ಕುಳ ಕೆಳಗಿನ ತುರಿಕೆ ನಿಂತಿರಬೇಕು. ನಿಲ್ಲದಿದ್ದರೆ, ಇಲ್ಲವೇ ಕಲೆ ಗುಂಡಿಯ ಗಡಿ ದಾಟಿ ಹರಡಿದರೆ ನನ್ನ ಊಹೆ ತಪ್ಪು ಎಂದು ತಿಳಿದು ಹತ್ತಿರದ ಚರ್ಮವೈದ್ಯರ ಬಳಿ ಹೋಗಿ. ಹೋಗುವಾಗ ನಾಲ್ಕು ಖಾಲಿ ಟ್ಯೂಬುಗಳನ್ನೂ, ತೆಗೆಸಿದ ಗುಂಡಿಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ.